ಸುತ್ತಿಗೆ ಬಿದ್ದ ಮೇಲೆ ಬರುವ ಬಿಲ್ಲು

2023ರ ಮೇ 23ರಂದು ಲಂಡನ್ನಿನ ಬಾನ್‌ಹ್ಯಾಮ್ಸ್ ಹರಾಜು ಮನೆಯಲ್ಲಿ ಟಿಪ್ಪು ಸುಲ್ತಾನನ ಶಯನಗೃಹದ ಖಡ್ಗ ಮಾರಾಟವಾಯಿತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ, ದಾಳಿಯ ಮುಂಚೂಣಿಯಲ್ಲಿದ್ದ ಡೇವಿಡ್ ಬೇರ್ಡ್‌ಗೆ ಬ್ರಿಟಿಷ್ ಸೇನೆ ಕಾಣಿಕೆಯಾಗಿ ಕೊಟ್ಟ ಖಡ್ಗ ಅದು. ಮರುದಿನ ನಮ್ಮ ಪತ್ರಿಕೆಗಳಲ್ಲೆಲ್ಲ ಒಂದೇ ಸುದ್ದಿ: 1,40,80,900 ಪೌಂಡ್, ಅಂದರೆ ಸುಮಾರು 140 ಕೋಟಿ ರೂಪಾಯಿ. 15ರಿಂದ 20 ಲಕ್ಷ ಪೌಂಡ್ ಬರಬಹುದು ಎಂದು ಅಂದಾಜಿಸಿದ್ದ ವಸ್ತು ಏಳು ಪಟ್ಟು ಬೆಲೆಗೆ ಹೋಯಿತು ಎಂದೂ ಬರೆದರು.

ಆ ಸಂಖ್ಯೆಯನ್ನು ಸ್ವಲ್ಪ ನಿಧಾನವಾಗಿ ನೋಡಿ. ಕೋಟಿಗಳ ಸವಾಲು ನಡೆಯುವಲ್ಲಿ ಯಾರೂ ಒಂಬೈನೂರು ಪೌಂಡ್ ಸೇರಿಸಿ ಕೂಗುವುದಿಲ್ಲ. ಆ ಮಟ್ಟದಲ್ಲಿ ಸವಾಲು ಏರುವುದು ಲಕ್ಷಗಳ ಲೆಕ್ಕದಲ್ಲಿ. ಹಾಗಾದರೆ ಈ 80,900 ಎಂಬ ಚಿಲ್ಲರೆ ಎಲ್ಲಿಂದ ಬಂತು? ಉತ್ತರ ಸರಳ. ಪತ್ರಿಕೆಗಳಲ್ಲಿ ಬಂದದ್ದು ಕೂಗಿದ ಬೆಲೆ ಅಲ್ಲ. ಕೊಂಡವರು ನಿಜಕ್ಕೂ ಕೊಡಬೇಕಾದ ಮೊತ್ತವೂ ಅಲ್ಲ. ಅದು ಇವೆರಡರ ನಡುವಿನ ಒಂದು ಸಂಖ್ಯೆ.

ನಮ್ಮೂರಿನ ದೇವಸ್ಥಾನದ ಏಲಂ ನೋಡಿದವರಿಗೆ ಇದು ವಿಚಿತ್ರ ಅನ್ನಿಸುತ್ತದೆ. ಅಲ್ಲಿ ಹಲಸಿನ ಹಣ್ಣಿಗೋ ಬಾಳೆಗೊನೆಗೋ ಐನೂರು ಎಂದು ಕೂಗಿ, 'ಮೂರು ಸಲ' ಆದರೆ ಐನೂರು ಕೊಟ್ಟು ಹೊತ್ತುಕೊಂಡು ಹೋಗುವುದಷ್ಟೇ. ಕಲಾಕೃತಿ, ನಾಣ್ಯ, ಒಡವೆ, ಹಳೆಯ ವಸ್ತುಗಳ ಹರಾಜು ಮನೆಯಲ್ಲಿ ಲೆಕ್ಕ ಮೂರು ಮೆಟ್ಟಿಲು ಹತ್ತುತ್ತದೆ. ಹರಾಜುಗಾರ ಸುತ್ತಿಗೆ ಬಡಿದಾಗ ನಿಂತ ಬೆಲೆ ಹ್ಯಾಮರ್ ಬೆಲೆ. ಅದರ ಮೇಲೆ ಹರಾಜು ಮನೆ ಕೊಳ್ಳುವವನಿಂದ ವಸೂಲು ಮಾಡುವ ಶುಲ್ಕ ಬಯರ್ಸ್ ಪ್ರೀಮಿಯಂ. ಆ ಪ್ರೀಮಿಯಂ ಮೇಲೆ ಸರ್ಕಾರದ ತೆರಿಗೆ. ಮೂರೂ ಕೂಡಿದರೆ ಬಿಲ್ಲು.

ಖಡ್ಗದ ಲೆಕ್ಕವನ್ನೇ ಬಿಡಿಸೋಣ. ಆಗ ಬಾನ್‌ಹ್ಯಾಮ್ಸ್‌ನ ಪ್ರೀಮಿಯಂ ಒಂದೇ ದರದ್ದಾಗಿರಲಿಲ್ಲ, ನಮ್ಮ ಆದಾಯ ತೆರಿಗೆಯ ಹಾಗೆ ಹಂತ ಹಂತವಾಗಿತ್ತು. ಹ್ಯಾಮರ್ ಬೆಲೆಯ ಮೊದಲ 40,000 ಪೌಂಡಿಗೆ ಶೇ. 28, ಅಲ್ಲಿಂದ 8 ಲಕ್ಷದವರೆಗಿನ ಭಾಗಕ್ಕೆ ಶೇ. 27, ಅಲ್ಲಿಂದ 45 ಲಕ್ಷದವರೆಗೆ ಶೇ. 21, ಅದಕ್ಕೆ ಮೇಲ್ಪಟ್ಟ ಭಾಗಕ್ಕೆ ಶೇ. 14.5. ಪ್ರಕಟವಾದ ಮೊತ್ತದಿಂದ ಹಿಮ್ಮುಖವಾಗಿ ಲೆಕ್ಕ ಹಾಕುತ್ತ ಹೋದರೆ ಹ್ಯಾಮರ್ ಬೆಲೆ ಸರಿಯಾಗಿ 1 ಕೋಟಿ 20 ಲಕ್ಷ ಪೌಂಡಿಗೆ ಬಂದು ನಿಲ್ಲುತ್ತದೆ. ಒಂದು ಪೌಂಡೂ ಆಚೀಚೆ ಇಲ್ಲ. ಸವಾಲಿನ ಸಂಖ್ಯೆ ಇರಬೇಕಾದದ್ದೇ ಹೀಗೆ, ದುಂಡಗೆ.

ಈಗ ಮುಂದಕ್ಕೆ ಬನ್ನಿ. ಮೊದಲ 40,000ದ ಮೇಲೆ 11,200 ಪೌಂಡ್. ಮುಂದಿನ 7,60,000ದ ಮೇಲೆ 2,05,200. ಅದರ ಮುಂದಿನ 37 ಲಕ್ಷದ ಮೇಲೆ 7,77,000. ಉಳಿದ 75 ಲಕ್ಷದ ಮೇಲೆ 10,87,500. ನಾಲ್ಕೂ ಸೇರಿ ಪ್ರೀಮಿಯಂ 20,80,900 ಪೌಂಡ್. ಇದನ್ನು 1 ಕೋಟಿ 20 ಲಕ್ಷಕ್ಕೆ ಕೂಡಿಸಿದರೆ ಪತ್ರಿಕೆಗಳಲ್ಲಿ ಬಂದ ಸಂಖ್ಯೆ ಸಿಗುತ್ತದೆ. ಇಲ್ಲಿ ಹಲವರು ಎಡವುವುದು ಹಂತಗಳನ್ನು ಓದುವುದರಲ್ಲಿ. ಬೆಲೆ 45 ಲಕ್ಷ ದಾಟಿತಲ್ಲ, ಹಾಗಾದರೆ ಪೂರ್ತಿಗೆ ಶೇ. 14.5 ಎಂದುಕೊಂಡರೆ ಪ್ರೀಮಿಯಂ 17,40,000 ಎಂಬ ತಪ್ಪು ಉತ್ತರ ಬರುತ್ತದೆ, ಮೂರು ಲಕ್ಷ ನಲವತ್ತು ಸಾವಿರ ಪೌಂಡಿನಷ್ಟು ಕಡಿಮೆ. ದರ ಇಳಿಯುವುದು ಆ ಗೆರೆಯ ಮೇಲಿನ ಭಾಗಕ್ಕೆ ಮಾತ್ರ.

ಮೂರನೆಯ ಮೆಟ್ಟಿಲು ಪತ್ರಿಕೆಗಳಲ್ಲಿ ಬರಲೇ ಇಲ್ಲ. ಹರಾಜು ಮನೆಗಳು ಫಲಿತಾಂಶ ಪ್ರಕಟಿಸುವಾಗ ಪ್ರೀಮಿಯಂ ಸೇರಿಸುತ್ತವೆ, ತೆರಿಗೆ ಸೇರಿಸುವುದಿಲ್ಲ. ಬ್ರಿಟನ್ನಿನಲ್ಲಿ ಪ್ರೀಮಿಯಂ ಮೇಲೆ ಶೇ. 20 ವ್ಯಾಟ್. ಈ ಖಡ್ಗ ಅಲ್ಲಿನ ಸಾಮಾನ್ಯ ನಿಯಮದಡಿ, ಅಂದರೆ ಖಾಸಗಿ ಒಡೆಯರ ಹಳೆಯ ವಸ್ತುವಾಗಿ ಮಾರಾಟವಾಗಿ ಬ್ರಿಟನ್ನಿನಲ್ಲೇ ಉಳಿಯಿತು ಎಂದಿಟ್ಟುಕೊಂಡರೆ, 20,80,900ರ ಮೇಲೆ 4,16,180 ಪೌಂಡ್ ವ್ಯಾಟ್ ಬೀಳುತ್ತದೆ. ಆಗ ಬಿಲ್ಲಿನ ಕೊನೆಯ ಸಾಲು 1,44,97,080. ಸುತ್ತಿಗೆ ಬಿದ್ದ ಬೆಲೆಗಿಂತ ಇಪ್ಪತ್ತೈದು ಲಕ್ಷ ಪೌಂಡಿನಷ್ಟು ಹೆಚ್ಚು.

ಇನ್ನು 'ಏಳು ಪಟ್ಟು' ಎಂಬ ಮಾತು. ಕೆಟಲಾಗಿನಲ್ಲಿ ಮುದ್ರಿಸುವ ಅಂದಾಜು ಬೆಲೆ ಹ್ಯಾಮರ್ ಬೆಲೆಯ ಅಂದಾಜು. ಅದರಲ್ಲಿ ಪ್ರೀಮಿಯಂ ಇರುವುದಿಲ್ಲ. ಪ್ರೀಮಿಯಂ ಇಲ್ಲದ ಅಂದಾಜನ್ನು ಪ್ರೀಮಿಯಂ ಸೇರಿದ ಫಲಿತಾಂಶದ ಪಕ್ಕದಲ್ಲಿಟ್ಟು ಹೋಲಿಸಿದ್ದರಿಂದ ಏಳು ಪಟ್ಟಾಯಿತು. ಸರಿಸಮನಾಗಿ ಹೋಲಿಸಿದರೆ ಮೇಲಿನ ಅಂದಾಜಾದ 20 ಲಕ್ಷಕ್ಕೆ ಹ್ಯಾಮರ್ ಬೆಲೆ ಆರು ಪಟ್ಟು. ಈ ಖಡ್ಗದ ಮಟ್ಟಿಗೆ ವ್ಯತ್ಯಾಸ ಬರೀ ಹೆಚ್ಚುಗಾರಿಕೆಯದ್ದು. ಆದರೆ 10 ಲಕ್ಷ ಅಂದಾಜಿದ್ದ ಚಿತ್ರವೊಂದು 9 ಲಕ್ಷಕ್ಕೆ ನಿಂತು, ಪ್ರೀಮಿಯಂ ಸೇರಿ 'ಹತ್ತು ಮುಕ್ಕಾಲು ಲಕ್ಷಕ್ಕೆ ಮಾರಾಟ' ಎಂದು ಪ್ರಕಟವಾದಾಗ, ಸೋತ ಹರಾಜು ಗೆದ್ದಂತೆ ಕಾಣುತ್ತದೆ. ಕಲಾ ಮಾರುಕಟ್ಟೆಯ ಸುದ್ದಿ ಓದುವಾಗ ನಾನು ಮೊದಲು ನೋಡುವುದೇ ಇದನ್ನು.

ಇಷ್ಟೆಲ್ಲ ಸುತ್ತು ಯಾಕೆ ಬೇಕಿತ್ತು? ಹಿಂದೆ ಲಂಡನ್ನಿನ ಹರಾಜು ಮನೆಗಳು ಮಾರುವವರ ಕಮಿಷನ್ನಿನಿಂದಲೇ ನಡೆಯುತ್ತಿದ್ದವು. 1975ರಲ್ಲಿ ಕ್ರಿಸ್ಟೀಸ್ ಮತ್ತು ಸದಬೀಸ್ ಎರಡೂ ಕೊಳ್ಳುವವರಿಂದ ಶೇ. 10 ಪ್ರೀಮಿಯಂ ಪಡೆಯತೊಡಗಿದವು. ವ್ಯಾಪಾರಿಗಳು ಸಿಟ್ಟಾದರು, ಪ್ರತಿಭಟಿಸಿದರು, ಆದರೆ ಕೊಳ್ಳುವುದನ್ನು ಬಿಡಲಿಲ್ಲ. ಅಸಲು ಕಾರಣ ಮಾರುವವರ ಕಡೆಯ ಪೈಪೋಟಿ. ಒಳ್ಳೆಯ ವಸ್ತು ಕೈಯಲ್ಲಿದ್ದವನು ಎರಡೂ ಮನೆಗಳ ಬಾಗಿಲು ತಟ್ಟಿ, ನಿಮ್ಮ ಕಮಿಷನ್ ಎಷ್ಟು ಇಳಿಸುತ್ತೀರಿ ಎಂದು ಚೌಕಾಸಿ ಮಾಡಬಲ್ಲ. ಬಹಳ ದೊಡ್ಡ ವಸ್ತುವಾದರೆ ಕಮಿಷನ್ ಸೊನ್ನೆಗೆ ಇಳಿಯುವುದಷ್ಟೇ ಅಲ್ಲ, ಕೊಳ್ಳುವವರು ಕೊಟ್ಟ ಪ್ರೀಮಿಯಂನಲ್ಲೇ ಒಂದು ಪಾಲು ಮಾರುವವನಿಗೆ ಹೋಗುವ ಒಪ್ಪಂದಗಳೂ ಇವೆ. ಕೊಳ್ಳುವವನಿಗೆ ಹೀಗೆ ಚೌಕಾಸಿ ಮಾಡುವ ಅವಕಾಶ ಇಲ್ಲ. ಅವನಿಗೆ ಬೇಕಾದ ವಸ್ತು ಇರುವುದು ಈ ಮನೆಯಲ್ಲಿ ಮಾತ್ರ.

ಹಾಗಂತ ಪ್ರೀಮಿಯಂ ಪೂರ್ತಿ ಕೊಳ್ಳುವವನ ತಲೆಯ ಮೇಲೆಯೇ ಬೀಳುತ್ತದೆ ಅನ್ನುವಂತಿಲ್ಲ. ಲೆಕ್ಕ ಗೊತ್ತಿರುವ ವ್ಯಾಪಾರಿ ತನ್ನ ಒಟ್ಟು ಮಿತಿಯನ್ನು ಮೊದಲೇ ಇಟ್ಟುಕೊಂಡು, ಅಷ್ಟರಮಟ್ಟಿಗೆ ಸವಾಲನ್ನು ತಗ್ಗಿಸುತ್ತಾನೆ. ಆಗ ಕಡಿಮೆ ಪಡೆಯುವವನು ಮಾರುವವನು. ಪ್ರೀಮಿಯಂನ ಪೂರ್ತಿ ಭಾರ ಹೊರುವವನು ಅದನ್ನು ಮರೆತು ಕೂಗಿದವನು.

ತೆರಿಗೆ ಪ್ರೀಮಿಯಂ ಮೇಲೆ ಮಾತ್ರ ಯಾಕೆ, ಖಡ್ಗದ ಬೆಲೆಯ ಮೇಲೆ ಯಾಕಿಲ್ಲ? ಇದು ಈ ವಿಷಯದ ತಿರುಳು. ವ್ಯಾಟ್ ಇರುವುದು ವ್ಯಾಪಾರದ ಮೇಲೆ. ಖಾಸಗಿ ವ್ಯಕ್ತಿಯೊಬ್ಬ ತನ್ನ ಮನೆಯ ಹಳೆಯ ವಸ್ತು ಮಾರಿದರೆ ಅದು ವ್ಯಾಪಾರ ಅಲ್ಲ, ಹಾಗಾಗಿ ಆ ಬೆಲೆಗೆ ವ್ಯಾಟ್ ಇಲ್ಲ. ನಡುವೆ ನಿಂತು ಕೆಲಸ ಮಾಡಿ ಹಣ ಗಳಿಸಿದ್ದು ಹರಾಜು ಮನೆ. ಆದ್ದರಿಂದ ಆ ಗಳಿಕೆಗೆ ತೆರಿಗೆ. ಬ್ರಿಟನ್ನಿನ ಹರಾಜು ಮನೆಗಳು ಇಂಥ ವಸ್ತುಗಳಿಗೆ ಬಳಸುವುದು ಮಾರ್ಜಿನ್ ಪದ್ಧತಿ. ಅದರಲ್ಲಿ ಒಂದು ವಿಚಿತ್ರ ಇದೆ: ಬಿಲ್ಲಿನಲ್ಲಿ ವ್ಯಾಟ್ ಅನ್ನು ಬೇರೆ ಸಾಲಾಗಿ ತೋರಿಸುವಂತಿಲ್ಲ, ಪ್ರೀಮಿಯಂನೊಳಗೇ ಅಡಗಿಸಿ ಒಂದೇ ಮೊತ್ತ ಬರೆಯುತ್ತಾರೆ. ಪರೀಕ್ಷಿಸಬೇಕೆಂದರೆ ಹ್ಯಾಮರ್ ಬೆಲೆಯನ್ನು ಒಟ್ಟು ಮೊತ್ತದಿಂದ ಕಳೆದು, ಉಳಿದದ್ದನ್ನು ಆರರಿಂದ ಭಾಗಿಸಬೇಕು. ಶೇ. 20 ತೆರಿಗೆ ಒಳಗೊಂಡ ಮೊತ್ತದಲ್ಲಿ ತೆರಿಗೆಯ ಪಾಲು ಯಾವಾಗಲೂ ಆರನೇ ಒಂದು. ಖಡ್ಗದ ಲೆಕ್ಕದಲ್ಲಿ 24,97,080ನ್ನು ಆರರಿಂದ ಭಾಗಿಸಿ ನೋಡಿ, 4,16,180 ಸರಿಯಾಗಿ ಬರುತ್ತದೆ. ಬೇರೆ ಸಾಲು ಇಲ್ಲದ್ದರಿಂದ ಕೊಂಡವನು ವ್ಯಾಪಾರಿಯಾದರೂ ಈ ತೆರಿಗೆಯನ್ನು ತನ್ನ ವ್ಯಾಟ್ ಲೆಕ್ಕದಲ್ಲಿ ವಾಪಸು ಕೇಳಲಾರ. ವಸ್ತುವನ್ನು ನಿಗದಿತ ಅವಧಿಯೊಳಗೆ ಬ್ರಿಟನ್ನಿನಿಂದ ಹೊರಗೆ ಸಾಗಿಸಿ, ರಫ್ತಿನ ದಾಖಲೆ ತೋರಿಸಿದರೆ ಮಾತ್ರ ಹರಾಜು ಮನೆಯಿಂದ ಆ ಪಾಲು ಹಿಂದಕ್ಕೆ ಸಿಗುತ್ತದೆ.

ಎಲ್ಲ ಲಾಟುಗಳಿಗೂ ಇದೇ ನಿಯಮ ಅಂದುಕೊಂಡರೆ ಅಪಾಯ. ಕೆಟಲಾಗಿನಲ್ಲಿ ಲಾಟ್ ಸಂಖ್ಯೆಯ ಪಕ್ಕ ಕೆಲವೊಮ್ಮೆ ಒಂದು ಚಿಕ್ಕ ಗುರುತು ಇರುತ್ತದೆ: ನಕ್ಷತ್ರ, ಕಠಾರಿ, ಚುಕ್ಕಿ. ಬಾನ್‌ಹ್ಯಾಮ್ಸ್‌ನಂಥ ಕಡೆ ಕಠಾರಿ ಗುರುತಿದ್ದರೆ ಹ್ಯಾಮರ್ ಬೆಲೆಗೂ ಪ್ರೀಮಿಯಂಗೂ ಪೂರ್ತಿ ವ್ಯಾಟ್. ನಕ್ಷತ್ರ ಇದ್ದರೆ ಹರಾಜಿಗೆಂದೇ ಹೊರದೇಶದಿಂದ ತಂದ ವಸ್ತು, ಹ್ಯಾಮರ್ ಬೆಲೆಗೆ ಶೇ. 5, ಪ್ರೀಮಿಯಂಗೆ ಶೇ. 20. ಗುರುತುಗಳ ಅರ್ಥ ಮನೆಯಿಂದ ಮನೆಗೆ ಬದಲಾಗುತ್ತದೆ, ಕೆಟಲಾಗಿನ ಕೊನೆಯ ಪುಟಗಳಲ್ಲಿ ಸಣ್ಣ ಅಕ್ಷರದಲ್ಲಿ ಇರುತ್ತದೆ. ಆ ಪುಟ ಓದದೆ ಕೈ ಎತ್ತಿದವನಿಗೆ ಹತ್ತು ಸಾವಿರದ ವಸ್ತುವಿನಲ್ಲಿ ಎರಡು ಸಾವಿರದ ವ್ಯತ್ಯಾಸ ಬರಬಹುದು.

ಶೇಕಡಾಗಳನ್ನು ಕೂಡಿಸುವುದರಲ್ಲೂ ಒಂದು ಸಾಮಾನ್ಯ ತಪ್ಪಿದೆ. ಪ್ರೀಮಿಯಂ ಶೇ. 28, ತೆರಿಗೆ ಶೇ. 20, ಒಟ್ಟು ಶೇ. 48 ಎಂದು ಹೆದರುವವರು ಇದ್ದಾರೆ. ತೆರಿಗೆ ಬೀಳುವುದು ಆ 28ರ ಮೇಲೆ ಮಾತ್ರ, ಅದು 5.6. ಒಟ್ಟು ಶೇ. 33.6. ಅಂದರೆ 1,000 ಪೌಂಡಿಗೆ ಕೂಗಿದ್ದಕ್ಕೆ 1,336 ಪೌಂಡ್ ಬಿಲ್ಲು. ಇದನ್ನು ಖಡ್ಗದ ಪಕ್ಕ ಇಟ್ಟು ನೋಡಿದರೆ ನನಗೆ ಸ್ವಲ್ಪ ಕಸಿವಿಸಿ: 1 ಕೋಟಿ 20 ಲಕ್ಷ ಕೂಗಿದವನಿಗೆ ತೆರಿಗೆ ಸೇರಿದ ಹೆಚ್ಚುವರಿ ಶೇ. 21ರೊಳಗೆ, ಸಾವಿರ ಕೂಗಿದವನಿಗೆ ಶೇ. 33.6. ಆದಾಯ ತೆರಿಗೆಯಲ್ಲಿ ದರ ಮೇಲೇರುತ್ತದೆ, ಇಲ್ಲಿ ಕೆಳಗಿಳಿಯುತ್ತದೆ. ಸಾವಿರ ಪೌಂಡಿನ ವಸ್ತುವಿಗೂ ಚಿತ್ರ ತೆಗೆಯಬೇಕು, ವಿವರ ಬರೆಯಬೇಕು, ಇಟ್ಟುಕೊಳ್ಳಬೇಕು, ಖರ್ಚು ಅಷ್ಟೇ ಆಗುತ್ತದೆ ಎಂಬ ಹರಾಜು ಮನೆಗಳ ಸಮಜಾಯಿಷಿಯಲ್ಲಿ ನಿಜ ಇಲ್ಲದಿಲ್ಲ. ಆದರೂ.

ಈ ದರಗಳು ಸ್ಥಿರವೂ ಅಲ್ಲ. ಸದಬೀಸ್ 2024ರಲ್ಲಿ ದರವನ್ನು ಸರಳಗೊಳಿಸಿ 60 ಲಕ್ಷ ಡಾಲರ್‌ವರೆಗೆ ಶೇ. 20, ಮೇಲಿನದಕ್ಕೆ ಶೇ. 10 ಮಾಡಿತು. ಒಂದು ವರ್ಷ ತುಂಬುವ ಮೊದಲೇ, 2025ರ ಫೆಬ್ರುವರಿಯಲ್ಲಿ, ಅದನ್ನು ಕೈಬಿಟ್ಟು ಮತ್ತೆ ಮೇಲಕ್ಕೇರಿಸಿತು. ಹೋದ ವರ್ಷದ ಕೆಟಲಾಗು ಹಿಡಿದು ಈ ವರ್ಷದ ಲೆಕ್ಕ ಹಾಕಬಾರದು.

ಇನ್ನು ನಮ್ಮ ಕಡೆಗೆ ಬರೋಣ. ಮುಂಬೈ, ದೆಹಲಿ, ಬೆಂಗಳೂರಿನ ಹರಾಜು ಮನೆಗಳಲ್ಲೂ ಕ್ರಮ ಇದೇ. ವ್ಯಾಟ್ ಜಾಗದಲ್ಲಿ ಜಿಎಸ್‌ಟಿ, ಪ್ರೀಮಿಯಂ ಒಂದು ಸೇವೆಯ ಶುಲ್ಕವಾದ್ದರಿಂದ ಅದರ ಮೇಲೆ ಶೇ. 18. ಇದು ಬಿಲ್ಲಿನಲ್ಲಿ ಒಂಬತ್ತು ಒಂಬತ್ತಾಗಿ ಎರಡು ಸಾಲಿನಲ್ಲೋ, ಹೊರರಾಜ್ಯದ್ದಾದರೆ ಐಜಿಎಸ್‌ಟಿ ಎಂದು ಒಂದೇ ಸಾಲಿನಲ್ಲೋ ಬರಬಹುದು, ಮೊತ್ತ ಅಷ್ಟೇ. ಮೈಸೂರು ಶೈಲಿಯ ಒಂದು ಚಿತ್ರಪಟ 50,000 ರೂಪಾಯಿಗೆ ನಿಂತಿತು, ಪ್ರೀಮಿಯಂ ಶೇ. 20 ಎಂದುಕೊಳ್ಳಿ. ಪ್ರೀಮಿಯಂ 10,000, ಅದರ ಮೇಲೆ ಜಿಎಸ್‌ಟಿ 1,800, ಒಟ್ಟು 61,800.

ಆದರೆ ನಮ್ಮಲ್ಲಿ ಇನ್ನೊಂದು ಕವಲಿದೆ, ಅದು ಬಿಲ್ಲು ಯಾರ ಹೆಸರಿನಲ್ಲಿದೆ ಎಂಬುದರಲ್ಲಿ. 2018ರ ಸೆಪ್ಟೆಂಬರ್‌ನಲ್ಲಿ ಪರೋಕ್ಷ ತೆರಿಗೆ ಮಂಡಳಿ ಹೊರಡಿಸಿದ 57ನೇ ಜಿಎಸ್‌ಟಿ ಸುತ್ತೋಲೆ ಇದನ್ನು ಉದಾಹರಣೆ ಸಮೇತ ಹೇಳುತ್ತದೆ. ಚಿತ್ರಕಾರನೊಬ್ಬ ತನ್ನ ಚಿತ್ರವನ್ನು ಹರಾಜು ಮನೆಗೆ ಒಪ್ಪಿಸಿದ. ಹರಾಜು ಮನೆ ಆ ಚಿತ್ರದ ಮಾರಾಟದ ಬಿಲ್ಲನ್ನು ತನ್ನದೇ ಹೆಸರಿನಲ್ಲಿ ಕೊಟ್ಟು, ಚಿತ್ರವನ್ನು ಕೊಂಡವನ ಕೈಗೆ ದಾಟಿಸಿತು. ಆಗ ಅದು ಬರೀ ಹರಾಜು ಸೇವೆ ಕೊಟ್ಟದ್ದಲ್ಲ, ಮಾಲನ್ನೂ ತಾನೇ ಪೂರೈಸಿದಂತೆ. ಹಾಗಾದಾಗ ಪ್ರೀಮಿಯಂ ಜೊತೆಗೆ ಚಿತ್ರದ ಬೆಲೆಗೂ ಜಿಎಸ್‌ಟಿ ಬರುತ್ತದೆ. ಚಿತ್ರಗಳ ಮೇಲಿನ ದರ 2025ರ ಸೆಪ್ಟೆಂಬರ್ 22ರಿಂದ ಶೇ. 12ರಿಂದ 5ಕ್ಕೆ ಇಳಿದಿದೆ. ನಮ್ಮ ಚಿತ್ರಪಟಕ್ಕೆ ಹೀಗೆ 50,000ದ ಮೇಲೆ ಇನ್ನೂ 2,500 ಸೇರಿ ಒಟ್ಟು 64,300 ಆಗುತ್ತದೆ. ಹಳೆಯ ದರ ಇದ್ದಾಗ ಇದೇ 67,800 ಆಗುತ್ತಿತ್ತು. ಹಾಗಾಗಿ ಸವಾಲಿಗೆ ಕೂರುವ ಮೊದಲು ಹರಾಜು ಮನೆಗೆ ಕೇಳಬೇಕಾದ ಪ್ರಶ್ನೆ ಪ್ರೀಮಿಯಂ ಎಷ್ಟು ಎಂಬುದೊಂದೇ ಅಲ್ಲ. ಈ ಲಾಟಿನ ಹ್ಯಾಮರ್ ಬೆಲೆಗೆ ಜಿಎಸ್‌ಟಿ ಇದೆಯೇ ಎಂದೂ ಕೇಳಬೇಕು. ಒಂದೇ ಹರಾಜಿನಲ್ಲಿ ಪಕ್ಕಪಕ್ಕದ ಎರಡು ಲಾಟುಗಳಿಗೆ ಉತ್ತರ ಬೇರೆ ಬೇರೆ ಇರಬಹುದು.

ಮೊದಲೇ ಕೇಳಬೇಕು ಅನ್ನುವುದಕ್ಕೆ ಕಾನೂನಿನ ಕಾರಣವೂ ಇದೆ. 1930ರ ಸರಕು ಮಾರಾಟ ಕಾಯ್ದೆಯ 64ನೇ ಕಲಮಿನ ಪ್ರಕಾರ ಸುತ್ತಿಗೆ ಬಿದ್ದ ಕ್ಷಣಕ್ಕೇ ಮಾರಾಟ ಪೂರ್ತಿಯಾಗುತ್ತದೆ. ಅದಕ್ಕೆ ಮುಂಚೆ ಸವಾಲನ್ನು ಹಿಂದಕ್ಕೆ ಪಡೆಯಬಹುದು, ಬಿದ್ದ ಮೇಲೆ ಇಲ್ಲ. ಬಿಲ್ಲು ನೋಡಿ ಗಾಬರಿಯಾದೆ ಎಂಬುದು ನೆಪವಾಗುವುದಿಲ್ಲ, ಪ್ರೀಮಿಯಂ ಮತ್ತು ತೆರಿಗೆಯ ಷರತ್ತಿಗೆ ಹೆಸರು ನೋಂದಾಯಿಸುವಾಗಲೇ ಒಪ್ಪಿಗೆ ಕೊಟ್ಟಿರುತ್ತೀರಿ.

ಆದ್ದರಿಂದ ಪಳಗಿದವರು ಲೆಕ್ಕವನ್ನು ತಲೆಕೆಳಗಾಗಿ ಮಾಡುತ್ತಾರೆ, ಜೇಬಿನಿಂದ ಶುರುಮಾಡಿ ಸವಾಲಿಗೆ ಬರುತ್ತಾರೆ. ಕೈಯಲ್ಲಿ ಒಂದು ಲಕ್ಷ ಇದೆ, ಪ್ರೀಮಿಯಂ ಶೇ. 20, ಅದರ ಮೇಲೆ ಜಿಎಸ್‌ಟಿ ಶೇ. 18. ಇಪ್ಪತ್ತರ ಹದಿನೆಂಟು ಪರ್ಸೆಂಟ್ ಅಂದರೆ 3.6. ಅಲ್ಲಿಗೆ ಪ್ರತಿ ನೂರು ರೂಪಾಯಿ ಸವಾಲಿಗೆ 123.60 ಕೊಡಬೇಕು. ಒಂದು ಲಕ್ಷವನ್ನು 1.236ರಿಂದ ಭಾಗಿಸಿದರೆ 80,906. ಇಲ್ಲಿ ಬಹಳ ಜನ ಒಂದು ಲಕ್ಷದಿಂದ ಶೇ. 23.6 ಕಳೆದು 76,400 ಎಂದು ತಪ್ಪಾಗಿ ಹೇಳುತ್ತಾರೆ. ಆ ತಪ್ಪಿನಿಂದ ಜೇಬಿಗೆ ನಷ್ಟ ಇಲ್ಲ, ಆದರೆ ಸಿಗಬಹುದಾಗಿದ್ದ ವಸ್ತು ನಾಲ್ಕು ಸಾವಿರದ ಅಂತರದಲ್ಲಿ ತಪ್ಪಿಹೋಗಬಹುದು.

80,906 ಎಂದು ಯಾರೂ ಕೂಗುವುದಿಲ್ಲ. ಸವಾಲು ಐದೈದು ಸಾವಿರದಂತೆ ಏರುತ್ತಿದ್ದರೆ ನಿಮ್ಮ ಕೊನೆಯ ಮೆಟ್ಟಿಲು 80,000. ಅದರ ಬಿಲ್ಲು 98,880. ಎದುರಿನವರು 80,000 ಹಿಡಿದುಬಿಟ್ಟರೆ ಮುಂದಿನದು 85,000, ಅದರ ಬಿಲ್ಲು 1,05,060. ಇನ್ನೊಂದು ಐದು ಸಾವಿರ ತಾನೇ ಎಂದು ಕೈ ಎತ್ತುವಾಗ ನಿಜಕ್ಕೂ ಎತ್ತುತ್ತಿರುವುದು 6,180.

ಆನ್‌ಲೈನ್‌ನಲ್ಲಿ ಸವಾಲು ಹಾಕುವವರು ಇನ್ನೊಂದು ಸಾಲನ್ನು ಸೇರಿಸಿಕೊಳ್ಳಬೇಕು. ಹರಾಜು ಮನೆಯ ಸ್ವಂತ ಜಾಲತಾಣದ ಬದಲು ಬೇರೆ ವೇದಿಕೆಯ ಮೂಲಕ ಭಾಗವಹಿಸಿದರೆ, ಹ್ಯಾಮರ್ ಬೆಲೆಯ ಮೇಲೆ ಆ ವೇದಿಕೆಯ ಶುಲ್ಕ ಮತ್ತು ಅದಕ್ಕೆ ತೆರಿಗೆ ಬೇರೆ ಬರುವುದುಂಟು. ಇನ್ನು, ತಾವು ಹಾಜರಿರಲಾರದೆ 'ಇಷ್ಟರವರೆಗೆ ನನ್ನ ಪರವಾಗಿ ಕೂಗಿ' ಎಂದು ಹರಾಜು ಮನೆಗೆ ಮಿತಿ ಬರೆದುಕೊಡುವವರು ಇದ್ದಾರೆ. ಆ ಚೀಟಿಯಲ್ಲಿ ಬರೆಯುವ ಸಂಖ್ಯೆಯನ್ನು ಹರಾಜು ಮನೆ ಹ್ಯಾಮರ್ ಬೆಲೆಯ ಮಿತಿ ಎಂದೇ ಓದುತ್ತದೆ. ಜೇಬಿನಲ್ಲಿರುವ ಒಂದು ಲಕ್ಷವನ್ನು ಅಲ್ಲಿ ಬರೆದರೆ, ವಸ್ತು ಆ ಬೆಲೆಗೇ ನಿಂತಲ್ಲಿ ಬಿಲ್ಲು 1,23,600ಕ್ಕೆ ಬರುತ್ತದೆ. ಬರೆಯಬೇಕಾದದ್ದು 80,000.